ಶಿಫಾರಸು ಪತ್ರ: ಮಂಗನ ಕಾಯಿಲೆ ಕ್ಷೇತ್ರ ತರಬೇತುದಾರರಾಗಿ ಶ್ರೀಮತಿ ಸುಮಿತ್ರಾ ಅವರ ಆಯ್ಕೆ ಕುರಿತು

ದಿನಾಂಕ: 14 ಅಕ್ಟೋಬರ್ 2025

ಇಂದ,
ಡಾ. ವಸುಧಾ
ಆಡಳಿತ ವೈದ್ಯಾಧಿಕಾರಿ
ಪ್ರಾಥಮಿಕ ಆರೋಗ್ಯ ಕೇಂದ್ರ
ತೀರ್ಥಹಳ್ಳಿ ತಾಲ್ಲೂಕು

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು
ಶಿವಮೊಗ್ಗ
(ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ)

ಮಾನ್ಯರೇ,

ವಿಷಯ: ಬರುವ ಹಂಗಾಮಿನಲ್ಲಿ ಕ್ಷೇತ್ರ ಸಿಬ್ಬಂದಿಗೆ ತರಬೇತಿ ನೀಡಲು ನಮ್ಮ ಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಶ್ರೀಮತಿ ಸುಮಿತ್ರಾ ಅವರನ್ನು ಶಿಫಾರಸು ಮಾಡುತ್ತಿರುವ ಬಗ್ಗೆ.

ಮಂಗನ ಕಾಯಿಲೆಯ ಕ್ಷೇತ್ರ ಕೆಲಸವನ್ನು ಹೊಸ ಸಿಬ್ಬಂದಿಗೆ ಹೇಳಿಕೊಡಬಲ್ಲವರ ಹೆಸರು ಸೂಚಿಸುವಂತೆ ತಾವು ಕೇಳಿದ್ದೀರಿ. ನಮ್ಮ ಕೇಂದ್ರದಿಂದ ನಾನು ಸೂಚಿಸುವುದು ಒಂದೇ ಹೆಸರು, ಶ್ರೀಮತಿ ಸುಮಿತ್ರಾ ಅವರದು. ಸೇವಾ ಅವಧಿಯಲ್ಲಿ ಅವರಿಗಿಂತ ಹಿರಿಯರು ನಮ್ಮಲ್ಲಿದ್ದಾರೆ. ಆ ಹಿರಿಯರನ್ನು ಕೇಳಿಯೇ ಈ ಹೆಸರು ಬರೆಯುತ್ತಿದ್ದೇನೆ; ಅವರೂ ಸುಮಿತ್ರಾ ಅವರನ್ನೇ ಹೇಳಿದರು.

ಕಳೆದ ಎರಡು ಹಂಗಾಮುಗಳಲ್ಲಿ ಅವರ ಕೆಲಸ ಕಂಡು ಸಂತೋಷವಾದಾಗಲೆಲ್ಲ ನಮ್ಮ ಕೇಂದ್ರದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೆರಡು ಸಾಲು ಬರೆದಿದ್ದೆ. ಈ ಪತ್ರಕ್ಕೆ ಆ ಸಾಲುಗಳೇ ಆಧಾರ. ಯಾವ ಆಯ್ಕೆಯ ಮಾತೂ ಇಲ್ಲದಿದ್ದಾಗ, ಕೆಲಸ ನಡೆದ ದಿನವೇ ಬರೆದವು ಎಂಬ ಕಾರಣಕ್ಕೆ ಅವುಗಳ ಮೇಲೆ ನನಗೆ ಹೆಚ್ಚು ಭರವಸೆ. ಗುಂಪಿನಲ್ಲಿದ್ದವರಿಗೆ ಹಿಂದುಮುಂದು ಗೊತ್ತಿತ್ತು, ಹಾಗಾಗಿ ಚುಟುಕಾಗಿ ಬರೆದರೆ ಸಾಕಿತ್ತು. ತಮಗೆ ತಿಳಿಯಲೆಂದು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲ ಸಾಲು ಹೀಗಿತ್ತು: "ಜ್ವರ ಬಂದ ದಿನವನ್ನು ಪತ್ತೆ ಮಾಡುವುದು ಹೇಗೆಂದು ಎಲ್ಲರೂ ಸುಮಿತ್ರಾ ಅವರನ್ನು ನೋಡಿ ಕಲಿಯಿರಿ."

ಜ್ವರ ಶುರುವಾದ ದಿನ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣು ಇರುವಾಗ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಸಿಗುತ್ತದೆ. ದಿನ ಕಳೆದ ಮೇಲೆ ಐಜಿಎಂ ಪ್ರತಿಕಾಯಗಳನ್ನು ನೋಡಬೇಕಾಗುತ್ತದೆ. ರೋಗಿ ಯಾವ ಕಾಡಿಗೆ ಹೋಗಿದ್ದಾಗ ಉಣುಗು ಕಚ್ಚಿತು ಎಂದು ಹಿಂದಕ್ಕೆ ಲೆಕ್ಕ ಹಾಕುವುದೂ ಆ ದಿನದಿಂದಲೇ. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಕೂಲಿ ಬಿಟ್ಟು ಬಂದು ಕುಳಿತವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು, "ಎರಡು ಮೂರು ದಿನ ಆಯಿತು." ಹೆಚ್ಚಿನ ದಿನ ಹೇಳಿದರೆ ಬೈಗುಳ ಕೇಳಬೇಕಾದೀತು ಎಂಬ ಅಳುಕು ಅದರಲ್ಲಿರುತ್ತದೆ. ಸುಮಿತ್ರಾ ದಿನಾಂಕವನ್ನು ಕೇಳುವುದೇ ಇಲ್ಲ. ಸಂತೆಗೆ ಹೋಗಿದ್ದಿರಾ, ಅಲ್ಲಿಂದ ನಡೆದು ಬಂದಿರಾ, ಅಂದು ರಾತ್ರಿ ಅಡಿಕೆ ಸುಲಿಯಲು ಕುಳಿತಿದ್ದಿರಾ, ಎಷ್ಟು ಹೊತ್ತಿಗೆ ಎದ್ದಿರಿ ಎಂದು ಮನೆಮಾತಿನಂತೆ ಕೇಳುತ್ತಾ ಹೋಗುತ್ತಾರೆ.

ಒಂದು ಸಂದರ್ಭ ನನ್ನ ಕಣ್ಣೆದುರಿಗೇ ನಡೆಯಿತು. ಎಳ್ಳಮಾವಾಸ್ಯೆ ಜಾತ್ರೆ ಮುಗಿದ ವಾರ, ತೋಟದ ಕೆಲಸಕ್ಕೆ ಹೋಗುವವರೊಬ್ಬರು ತಲೆನೋವು, ಜ್ವರ ಎಂದು ಬಂದರು. ಹೊರರೋಗಿ ಚೀಟಿಯಲ್ಲಿ "ಎರಡು ದಿನದಿಂದ ಜ್ವರ" ಎಂದು ಬರೆಸಿದ್ದರು. ಸುಮಿತ್ರಾ ಆ ರೋಗಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು, "ತೇರು ನೋಡಿದಿರಾ ಅಣ್ಣಾ?" ಎಂದು ಕೇಳಿದರು. "ಎಲ್ಲಿ ನೋಡುವುದು, ಮೈಕೈ ನೋವೆಂದು ಅರ್ಧಕ್ಕೇ ವಾಪಸು ಬಂದು ಕಂಬಳಿ ಹೊದ್ದು ಮಲಗಿದೆ" ಎಂಬ ಉತ್ತರ ಬಂತು. ಚೀಟಿಯಲ್ಲಿದ್ದ ಎರಡು ದಿನ ಆರು ದಿನವಾಯಿತು. ಎರಡೂ ಬಗೆಯ ಪರೀಕ್ಷೆ ಬೇಕೆಂದು ಬರೆದು ಮಾದರಿ ಕಳುಹಿಸಿದೆವು. ಪ್ಲೇಟ್‌ಲೆಟ್ ಇಳಿಯುತ್ತಿದ್ದದ್ದು ಕಂಡು, ವರದಿಗೆ ಕಾಯದೆ ಅಂದು ಸಂಜೆಯೇ ಅವರನ್ನು ಶಿವಮೊಗ್ಗಕ್ಕೆ ಸಾಗಿಸಿದೆವು. ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ; ಬೇಗ ಗುರುತಿಸಿ, ನೀರಿನಂಶ ಮತ್ತು ರಕ್ತಸ್ರಾವದ ಮೇಲೆ ಕಣ್ಣಿಟ್ಟು ನೋಡಿಕೊಳ್ಳುವುದೇ ಚಿಕಿತ್ಸೆ. ಅವರು ಗುಣವಾಗಿ ಮನೆಗೆ ಮರಳಿದರು. ಜ್ವರ ಬಿಟ್ಟ ಒಂದೆರಡು ವಾರದ ನಂತರ ಕೆಲವರಲ್ಲಿ ಅದು ಮರುಕಳಿಸುವುದುಂಟು ಎಂದು ಅವರ ಹೆಂಡತಿಗೆ ಮನದಟ್ಟಾಗುವಂತೆ ಹೇಳಿ, ಆ ಅವಧಿ ಮುಗಿಯುವವರೆಗೂ ಮನೆಗೆ ಹೋಗಿ ವಿಚಾರಿಸಿಕೊಂಡವರೂ ಸುಮಿತ್ರಾ ಅವರೇ.

ಇನ್ನೊಂದು ದಿನ ಬರೆದದ್ದು: "ಸುಮಿತ್ರಾ ಕಟ್ಟಿದ ಪೆಟ್ಟಿಗೆ ಎಂದರೆ ನನಗೆ ನಿಶ್ಚಿಂತೆ." ಇದು ರಕ್ತದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಪೆಟ್ಟಿಗೆಯ ವಿಷಯ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕಿಗೆ ರಕ್ತದ ಟ್ಯೂಬು ನೇರವಾಗಿ ತಾಗಿದರೆ ಕೆಂಪು ರಕ್ತಕಣ ಒಡೆದು ಮಾದರಿ ಕೆಡುತ್ತದೆ. ಸುಮಿತ್ರಾ ಲಸಿಕೆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿಗೂ ತಂದರು. ಐಸ್‌ಪ್ಯಾಕನ್ನು ಹೊರಗಿಟ್ಟು, ಮೇಲೆ ಬೆವರು ಬಂದ ನಂತರ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ. ಒಳಗೆ ನೀರಿನ ಸದ್ದು ಕೇಳಿದ ಮೇಲಷ್ಟೇ ಪೆಟ್ಟಿಗೆಯಲ್ಲಿಡುತ್ತಾರೆ. ಟ್ಯೂಬಿನ ಮೇಲಿನ ಹೆಸರು ತೇವಕ್ಕೆ ಅಳಿಸದಂತೆ ಅದರ ಮೇಲೆ ಪಾರದರ್ಶಕ ಟೇಪು ಸುತ್ತುತ್ತಾರೆ. ಚೀಟಿಯನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೊರಗಿನಿಂದಲೇ ಓದುವಂತೆ ಇಡುತ್ತಾರೆ. ನಮ್ಮ ಪ್ರಯೋಗಾಲಯ ತಂತ್ರಜ್ಞರು ಈಗ ಇದೇ ಕ್ರಮವನ್ನು ಪಾಲಿಸುತ್ತಿದ್ದಾರೆ. ತರಬೇತಿಯಲ್ಲಿ ಇದನ್ನು ಭಾಷಣವಾಗಿ ಹೇಳುವ ಬದಲು ಒಂದು ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು ಕಟ್ಟಿ ತೋರಿಸಲು ಬಿಡಬೇಕೆಂದು ಕೋರುತ್ತೇನೆ.

ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಗುಣ ಮೂರನೆಯ ಸಾಲಿನಲ್ಲಿದೆ. "ಸತ್ತ ಮಂಗದ ಸುದ್ದಿ ಇಂದೂ ಮೊದಲು ಬಂದದ್ದು ಸುಮಿತ್ರಾ ಅವರ ಫೋನಿಗೆ" ಎಂದು ಕಳೆದ ಫೆಬ್ರವರಿಯಲ್ಲಿ ಬರೆದಿದ್ದೆ.

ಮಂಗ, ಮುಸಿಯ ಸತ್ತು ಬಿದ್ದದ್ದು ಗೊತ್ತಾದರೆ ನಮಗೆ ಮುನ್ಸೂಚನೆ ಸಿಕ್ಕಂತೆ. ಸತ್ತ ಪ್ರಾಣಿಯ ಮೈಯಿಂದ ಇಳಿದ ಉಣುಗುಗಳು ಅಲ್ಲೇ ಸುತ್ತಮುತ್ತಲ ತರಗೆಲೆಯಲ್ಲಿರುತ್ತವೆ. ದನ ಮೇಯಿಸಲು, ಸೊಪ್ಪು ದರಗು ತರಲು ಹೋಗುವವರು ಅದೇ ಜಾಗದಲ್ಲಿ ಓಡಾಡುತ್ತಾರೆ. ಸುದ್ದಿ ಬೇಗ ಬಂದರೆ ಆ ಜಾಗದ ಸುತ್ತ ಕೀಟನಾಶಕ ಪುಡಿ ಹಾಕಬಹುದು, ಜನರನ್ನು ಆ ದಾರಿಯಿಂದ ದೂರವಿಡಬಹುದು. ಆದರೆ ಸುದ್ದಿ ಹೇಳಿದವರನ್ನೇ ಹತ್ತು ಪ್ರಶ್ನೆ ಕೇಳಿ ನಿಲ್ಲಿಸಿಕೊಳ್ಳುತ್ತಾರೆ, ಕಾಡಿನ ದಾರಿ ಮುಚ್ಚುತ್ತಾರೆ ಎಂಬ ಭಯದಿಂದ ಹಲವರು ಕಂಡರೂ ಸುಮ್ಮನಿರುತ್ತಾರೆ. ಸುಮಿತ್ರಾ ಅವರಿಗೆ ಮಾತ್ರ ಏಕೆ ಹೇಳುತ್ತಾರೆ ಎಂದು ನಾನು ಗಮನಿಸಿ ನೋಡಿದ್ದೇನೆ. ಅವರು ಸುದ್ದಿ ಕೊಟ್ಟವರಿಗೆ ತಪ್ಪದೆ ಮರುಸುದ್ದಿ ಕೊಡುತ್ತಾರೆ. ಅರಣ್ಯ ಮತ್ತು ಪಶುವೈದ್ಯ ಇಲಾಖೆಯವರು ಬಂದು ಏನು ಮಾಡಿದರು, ಮಾದರಿ ಎಲ್ಲಿಗೆ ಹೋಯಿತು, ಫಲಿತಾಂಶ ಏನು ಬಂತು ಎಂಬುದನ್ನು ಅದೇ ವ್ಯಕ್ತಿಗೆ ಕರೆ ಮಾಡಿಯೋ ಮನೆಗೆ ಹೋಗಿಯೋ ಹೇಳುತ್ತಾರೆ. ಫಲಿತಾಂಶದಲ್ಲಿ ಏನೂ ಇಲ್ಲ ಎಂದು ಬಂದರೂ ಹೇಳುತ್ತಾರೆ. "ನೀವು ಹೇಳಿದ್ದು ದಂಡವಾಗಲಿಲ್ಲ, ಮತ್ತೆ ಕಂಡರೂ ಹೇಳಿ" ಎನ್ನುತ್ತಾರೆ. ಫೆಬ್ರವರಿಯ ಆ ಕರೆ ಬಂದದ್ದು ದರಗು ಗುಡಿಸಲು ಹೋಗಿದ್ದ ಹೆಂಗಸೊಬ್ಬರಿಂದ. "ಸುಮಿತ್ರಕ್ಕಾ, ಮುಟ್ಟಿಲ್ಲ, ದೂರದಲ್ಲೇ ನಿಂತಿದ್ದೇನೆ" ಎಂಬುದೇ ಅವರ ಮೊದಲ ಮಾತು. ಹಿಂದಿನ ವರ್ಷ ಸುಮಿತ್ರಾ ಹೇಳಿಕೊಟ್ಟದ್ದು ಹಾಗೆಯೇ ನೆನಪಿನಲ್ಲಿ ಉಳಿದಿತ್ತು.

ಡೆಪಾ ತೈಲದ ವಿಷಯದಲ್ಲೂ ಅವರ ರೀತಿ ಇದೇ. ಬಾಟಲಿ ಹಂಚಿ ಸಹಿ ಪಡೆದರೆ ಹಂಚಿಕೆ ಮುಗಿಯುತ್ತದೆ, ಬಳಕೆ ಶುರುವಾಗುವುದಿಲ್ಲ. ಜನ ಕಾಡಿಗೆ ಹೊರಡುವ ಬೆಳಗಿನ ಹೊತ್ತಿಗೇ ಆಶಾ ಕಾರ್ಯಕರ್ತೆಯರ ಜೊತೆ ಕೇರಿಗೆ ಹೋಗಿ, ಮೊದಲು ತಮ್ಮ ಕೈಕಾಲಿಗೆ ಹಚ್ಚಿಕೊಂಡು ತೋರಿಸುತ್ತಾರೆ. ಮನೆಗೆ ಬಂದವರು ಬಿಸಿನೀರು, ಸಾಬೂನಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕೆಂದು ಮನೆಯ ಹಿರಿಯ ಹೆಂಗಸರಿಗೆ ಹೇಳುತ್ತಾರೆ, ಏಕೆಂದರೆ ಹಂಡೆಗೆ ಬೆಂಕಿ ಹಾಕುವವರು ಅವರು. ಹಳೆಯ ಲಸಿಕೆಯನ್ನು ಏಕೆ ನಿಲ್ಲಿಸಿದಿರಿ ಎಂಬ ಪ್ರಶ್ನೆ ಎಲ್ಲ ಊರಿನಲ್ಲೂ ಬರುತ್ತದೆ. ಅದಕ್ಕೆ ಹಾರಿಕೆಯ ಉತ್ತರ ಕೊಡದೆ, ಆ ಲಸಿಕೆ ಈಗ ಬಳಕೆಯಲ್ಲಿಲ್ಲ, ಹೊಸದು ಬರುವವರೆಗೆ ನಮ್ಮ ಕೈಯಲ್ಲಿರುವುದು ಎಚ್ಚರಿಕೆಯೊಂದೇ ಎಂದು ನೇರವಾಗಿ ಹೇಳುವುದನ್ನು ನಾನೇ ಕೇಳಿದ್ದೇನೆ.

ಅವರಿಗೆ ಒಗ್ಗದ ಕೆಲಸವನ್ನೂ ಹೇಳಿಬಿಡುತ್ತೇನೆ. ದೊಡ್ಡ ಸಭೆಗಳಲ್ಲಿ, ಅಧಿಕಾರಿಗಳ ಎದುರು ಅವರು ಮಾತನಾಡುವುದು ಕಡಿಮೆ. ಕಂಪ್ಯೂಟರಿನಲ್ಲಿ ಚಿತ್ರಪಟಗಳನ್ನು ಸಿದ್ಧಪಡಿಸಿ ವಿವರಿಸುವ ಅಭ್ಯಾಸವೂ ಇಲ್ಲ. ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ನೂರು ಜನರ ಮುಂದೆ ನಿಲ್ಲಿಸಿದರೆ ಅವರ ಅರ್ಧ ಶಕ್ತಿಯೂ ಕಾಣಿಸಲಿಕ್ಕಿಲ್ಲ. ಹತ್ತು ಹನ್ನೆರಡು ಮಂದಿಯ ಗುಂಪನ್ನು ಅವರ ಜೊತೆ ಕೇರಿಗೆ, ಕಾಡಿನಂಚಿಗೆ ಕಳುಹಿಸಿದರೆ ಸಂಜೆಯೊಳಗೆ ಆ ಗುಂಪು ಕೆಲಸ ಕಲಿತು ಬರುತ್ತದೆ. ಕಳೆದ ವರ್ಷ ನಮ್ಮಲ್ಲಿಗೆ ಹೊಸದಾಗಿ ಬಂದ ಸಮುದಾಯ ಆರೋಗ್ಯಾಧಿಕಾರಿ ಹಾಗೆ ಅವರ ಹಿಂದೆ ಓಡಾಡಿಯೇ ಕಲಿತರು. ಈಗ ತಮ್ಮ ಉಪಕೇಂದ್ರದ ಜ್ವರಪಟ್ಟಿಯನ್ನು ಯಾರ ನೆರವೂ ಇಲ್ಲದೆ ನಿರ್ವಹಿಸುತ್ತಿದ್ದಾರೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಾದ ಈ ಕಾಯಿಲೆಯೊಂದಿಗೆ ನಮ್ಮ ಜಿಲ್ಲೆ ಅಂದಿನಿಂದ ಬದುಕುತ್ತಾ ಬಂದಿದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಮಲೆನಾಡಿನ ಯಾವ ಆರೋಗ್ಯ ಸಿಬ್ಬಂದಿಯೂ ಮರೆತಿಲ್ಲ. ಸುತ್ತೋಲೆಗಳು ನಮ್ಮ ಬಳಿ ಸಾಕಷ್ಟಿವೆ. ಅವುಗಳಲ್ಲಿ ಬರೆದದ್ದನ್ನು ಜನರ ಅಂಗಳದಲ್ಲಿ ನಿಂತು ಆಗುಮಾಡಿಸುವ ಬಗೆಯನ್ನು ಸುಮಿತ್ರಾ ಅಂಥವರ ಜೊತೆ ನಡೆದೇ ಕಲಿಯಬೇಕು. ನಾನು ಈ ತಾಲ್ಲೂಕಿನಲ್ಲಿ ಕಲಿತದ್ದರಲ್ಲಿ ಅವರಿಂದ ಬಂದದ್ದು ಬಹಳವಿದೆ ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಆಯ್ಕೆಯಾದಲ್ಲಿ ಎರಡು ಕೋರಿಕೆಗಳಿವೆ. ತರಬೇತಿಯನ್ನು ನವೆಂಬರ್ ಒಳಗೆ ಮುಗಿಸುವಂತಾಗಬೇಕು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅವರು ತಮ್ಮ ಉಪಕೇಂದ್ರದಲ್ಲೇ ಇರಬೇಕಾದ ಕಾಲ. ಅವರು ತರಬೇತಿಗೆ ಹೋದ ದಿನಗಳಲ್ಲಿ ಬಾಣಂತಿಯರ ಭೇಟಿ ಮತ್ತು ಲಸಿಕಾ ದಿನದ ಕೆಲಸ ನಿಲ್ಲದಂತೆ ಪಕ್ಕದ ಉಪಕೇಂದ್ರದವರಿಗೆ ಪ್ರಭಾರ ವಹಿಸಿ ಲಿಖಿತ ಆದೇಶ ನೀಡಬೇಕು. ಬಾಯಿಮಾತಿನ ವ್ಯವಸ್ಥೆಯಾದರೆ ಅವರು ತರಬೇತಿ ಮುಗಿಸಿ ಸಂಜೆ ಬಂದು ಆ ಕೆಲಸವನ್ನೂ ತಾವೇ ಮಾಡುತ್ತಾರೆ; ಅದಕ್ಕೆ ಅವಕಾಶ ಕೊಡಬಾರದೆಂದು ನನ್ನ ಬಿನ್ನಹ.

ಅವರ ಕಳೆದ ಹಂಗಾಮಿನ ಜ್ವರಪಟ್ಟಿಯ ಪ್ರತಿಯನ್ನು ರೋಗಿಗಳ ಹೆಸರು ತೆಗೆದು ಇದರೊಂದಿಗೆ ಲಗತ್ತಿಸಿದ್ದೇನೆ. ಹೆಚ್ಚಿನ ವಿವರ ಬೇಕಾದಲ್ಲಿ ಖುದ್ದಾಗಿ ಬಂದು ತಿಳಿಸಲು ಸಿದ್ಧಳಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಡಾ. ವಸುಧಾ
ಆಡಳಿತ ವೈದ್ಯಾಧಿಕಾರಿ

ಲಗತ್ತು: ಜ್ವರಪಟ್ಟಿಯ ಪ್ರತಿ
ಪ್ರತಿ: ತಾಲ್ಲೂಕು ಆರೋಗ್ಯಾಧಿಕಾರಿಗಳು, ತೀರ್ಥಹಳ್ಳಿ, ಶ್ರೀಮತಿ ಸುಮಿತ್ರಾ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಮಾಹಿತಿಗಾಗಿ