ಫ್ಲಾಸ್ಕಿನೊಳಗಿನ ಚಹಾ ಯಾಕೆ ಬೇಗ ಆರುವುದಿಲ್ಲ?

ಇವತ್ತು ಸೂತ್ರ ಆಮೇಲೆ. ಮೊದಲು ಮೇಜಿನ ಮೇಲಿರುವ ಈ ಫ್ಲಾಸ್ಕ್ ನೋಡಿ. ಒಳಗೆ 90 ಡಿಗ್ರಿ ಚಹಾ ಇದೆ, ಕೋಣೆ 27 ಡಿಗ್ರಿ. ಬಿಸಿ ಯಾವಾಗಲೂ ತಣ್ಣನೆಯ ಕಡೆಗೇ ಹರಿಯುತ್ತದೆ. ಅದಕ್ಕೆ ಮೂರು ದಾರಿ ಇವೆ.

ಬಿಸಿ ಚಹಾದಲ್ಲಿ ಸ್ಟೀಲ್ ಚಮಚ ಇಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಹಿಡಿಯೂ ಬಿಸಿಯಾಗುತ್ತದೆ, ಅಲ್ವಾ? ಚಮಚದ ಕಣಗಳು ಜಾಗ ಬಿಟ್ಟು ಹೋಗಲಿಲ್ಲ, ಪಕ್ಕದವಕ್ಕೆ ಶಕ್ತಿ ದಾಟಿಸಿದವು. ಇದು ಕಂಡಕ್ಷನ್. ವಸ್ತುವಿನ ಉಷ್ಣವಾಹಕತೆ k ಜಾಸ್ತಿ ಇದ್ದಷ್ಟೂ ಬಿಸಿ ಸಲೀಸಾಗಿ ಸಾಗುತ್ತದೆ. W/mK ಲೆಕ್ಕದಲ್ಲಿ ತಾಮ್ರಕ್ಕೆ ಇದು ಸುಮಾರು 400, ಸ್ಟೇನ್‌ಲೆಸ್ ಸ್ಟೀಲಿಗೆ ಸುಮಾರು 15, ಗಾಳಿಗೆ ಬರೀ 0.026.

ಗಾಳಿಯ k ಅಷ್ಟು ಕಡಿಮೆ ಅಂದಮೇಲೆ ಫ್ಲಾಸ್ಕಿನ ಒಳಗಿನ, ಹೊರಗಿನ ಎರಡು ಗೋಡೆಗಳ ನಡುವೆ ಸುಮ್ನೆ ಗಾಳಿ ಬಿಟ್ಟರೆ ಸಾಕಲ್ವಾ? ಸಾಲದು. ಬಿಸಿ ಗೋಡೆಗೆ ತಾಗಿದ ಗಾಳಿ ಹಗುರಾಗಿ ಮೇಲೇರುತ್ತದೆ, ತಣ್ಣನೆಯ ಗೋಡೆಯ ಪಕ್ಕ ಕೆಳಗಿಳಿಯುತ್ತದೆ. ಹೀಗೆ ಸುತ್ತುತ್ತಾ ಬಿಸಿಯನ್ನು ಹೊತ್ತೊಯ್ಯುತ್ತದೆ. ಇದು ಕನ್ವೆಕ್ಷನ್. ಅದಕ್ಕೇ ಆ ಜಾಗದಿಂದ ಗಾಳಿಯನ್ನು ಎಳೆದು ತೆಗೆದಿದ್ದಾರೆ. ವ್ಯಾಕ್ಯೂಮ್‌ನಲ್ಲಿ ಶಕ್ತಿ ದಾಟಿಸಲು ಕಣಗಳೇ ಇಲ್ಲದಷ್ಟು ಕಡಿಮೆ. ಒಂದೇ ಏಟಿಗೆ ಎರಡು ದಾರಿ ಮುಚ್ಚಿದವು.

ಇಲ್ಲಿಗೆ ಮುಗಿಯಿತು ಅಂತ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಮೂರನೆಯ ದಾರಿ ರೇಡಿಯೇಷನ್, ಅದನ್ನು ವ್ಯಾಕ್ಯೂಮ್ ತಡೆಯುವುದಿಲ್ಲ. ಸೂರ್ಯನ ಬಿಸಿ ನಮಗೆ ತಲುಪುವುದೇ ಖಾಲಿ ಜಾಗ ದಾಟಿ. ಈಗ ಸೂತ್ರ ಬರೆದುಕೊಳ್ಳಿ:

```
q = εσ(T1⁴ − T2⁴)
σ = 5.67 × 10⁻⁸ W/m²K⁴
```

q ಅಂದರೆ ಒಂದು ಚದರ ಮೀಟರಿನಿಂದ ಸೆಕೆಂಡಿಗೆ ಸೋರುವ ಶಕ್ತಿ, ε ಅಂದರೆ ಮೇಲ್ಮೈ ಎಷ್ಟು ಚೆನ್ನಾಗಿ ಬಿಸಿ ಹೊರಸೂಸುತ್ತದೆ ಎಂಬ ಅಳತೆ, σ ಒಂದು ಸ್ಥಿರಾಂಕ, T1 ಮತ್ತು T2 ಎರಡು ಗೋಡೆಗಳ ಉಷ್ಣತೆ. T ಕೆಲ್ವಿನ್‌ನಲ್ಲೇ ಇರಬೇಕು: 363 ಮತ್ತು 300. ಸೆಲ್ಸಿಯಸ್ ಹಾಕಿದರೆ ನಾಲ್ಕನೇ ಘಾತದಲ್ಲಿ ಉತ್ತರ ಎಲ್ಲೋ ಹೋಗುತ್ತದೆ. ಎರಡೂ ಗೋಡೆ ಕಪ್ಪಗಿದ್ದು ε = 1 ಆದರೆ, ಒಂದು ಚದರ ಮೀಟರಿಗೆ ಸುಮಾರು 525 ವ್ಯಾಟ್ ಸೋರುತ್ತದೆ. ಅದೇ ಗೋಡೆಗಳಿಗೆ ಬೆಳ್ಳಿ ಲೇಪಿಸಿ ಪ್ರತಿಯೊಂದರ ε 0.02 ಆದರೆ? ಎದುರುಬದುರು ಗೋಡೆಗಳಿಗೆ ಪರಿಣಾಮದ ε ಹೀಗೆ ಬರುತ್ತದೆ:

```
1 / (1/0.02 + 1/0.02 − 1) ≈ 0.01
```

525 ವ್ಯಾಟ್ ಐದಕ್ಕೆ ಇಳಿಯಿತು! ಗಾಜಿನ ಫ್ಲಾಸ್ಕಿನ ಒಳಗೋಡೆ ಕನ್ನಡಿಯ ಹಾಗೆ ಹೊಳೆಯುವುದು ಅಂದಕ್ಕಲ್ಲ.

ಹಾಗಾದರೆ ಚಹಾ ಕೊನೆಗೂ ಯಾಕೆ ಆರುತ್ತದೆ? ಎರಡು ಗೋಡೆಗಳೂ ಕತ್ತಿನಲ್ಲಿ ಕೂಡಿಕೊಂಡಿವೆ, ಅಲ್ಲಿ ವ್ಯಾಕ್ಯೂಮ್ ಇಲ್ಲ. ಅಲ್ಲಿಂದಲೂ ಮುಚ್ಚಳದಿಂದಲೂ ಕಂಡಕ್ಷನ್ ಮುಂದುವರಿಯುತ್ತದೆ. ಅದಕ್ಕೇ ಕತ್ತು ಕಿರಿದು, ಮುಚ್ಚಳ ಪ್ಲಾಸ್ಟಿಕ್. ಇನ್ನು ಪದೇ ಪದೇ ಮುಚ್ಚಳ ತೆಗೆದರೆ ಬಿಸಿ ಗಾಳಿ, ಹಬೆ ಎರಡೂ ಹೊರಗೆ ಹೋಗುತ್ತವೆ.

ಈಗ ಒಬ್ಬೊಬ್ಬರೇ ಬಂದು ಫ್ಲಾಸ್ಕ್ ಮುಟ್ಟಿ. ಮೊದಲು ನಡುಭಾಗ, ಆಮೇಲೆ ಕತ್ತಿನ ಹತ್ತಿರ. ಎಲ್ಲಿ ಬೆಚ್ಚಗಿದೆ, ಯಾವ ದಾರಿಯಿಂದ ಅಂತ ನೋಟ್ಸಿನಲ್ಲಿ ಬರೆಯಿರಿ.