'ಸುರಂಗ ನೀರು' ಯಾಕೆ ಮಾರಾಟವಾಗಲಿಲ್ಲ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 'ಸುರಂಗ ನೀರು' ಗೇಮ್ ಬಿಟ್ಟು 90 ದಿನ ಆಯ್ತು. ಬೆಲೆ ₹349. ಮಾರಾಟವಾದದ್ದು 64 ಪ್ರತಿ, ಅದರಲ್ಲಿ 11 ವಾಪಸ್ ಬಂದವು. ಗೇಮ್ ಹಾಕೋಕೆ ಕಟ್ಟಿದ 100 ಡಾಲರ್ ವಾಪಸ್ ಸಿಗಬೇಕಾದರೆ 1000 ಡಾಲರ್ ವ್ಯಾಪಾರ ಆಗಬೇಕು. ಅದರ ಹತ್ತಿರಕ್ಕೂ ಹೋಗಿಲ್ಲ. ವಿಜಯಪುರದ ಮನೆಯಲ್ಲಿ, ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕೂತು, ಎರಡು ವರ್ಷ ಒಬ್ಬನೇ ಗೋಡಾಟ್ ಅನ್ನೋ ಗೇಮ್ ತಯಾರಿಸುವ ತಂತ್ರಾಂಶದಲ್ಲಿ ಮಾಡಿದ ಗೇಮ್ ಇದು.

ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ನೀರು ಬರುತ್ತಿತ್ತು. ದಾರಿಯಲ್ಲಿ ಗಂಜ್ ಅನ್ನೋ ಕಲ್ಲಿನ ಗೋಪುರ ಕಟ್ಟಿ ನೀರಿನ ಒತ್ತಡ ತಗ್ಗಿಸುತ್ತಿದ್ದರು. ಕೆಲವು ಇನ್ನೂ ನಿಂತಿವೆ. ಗೇಮ್‌ನಲ್ಲೂ ಅದೇ ಕೆಲಸ. ಇಳಿಜಾರು ನೋಡಿ ಸುರಂಗ ತೋಡಬೇಕು, ಗಂಜ್ ಕಟ್ಟಬೇಕು, ಬಾವಡಿ ಅನ್ನೋ ಮೆಟ್ಟಿಲು ಬಾವಿ ತುಂಬಿಸಬೇಕು. ಇದು ಒಳ್ಳೆಯ ವಿಷಯ ಅಂತ ಈಗಲೂ ನಂಬಿದ್ದೇನೆ.

ತಪ್ಪು ಎಲ್ಲಿತ್ತು ಅಂತ ತಿಳಿದದ್ದು ಬಿಡುಗಡೆಯಾಗಿ ಮೂರು ವಾರಕ್ಕೆ. ಒಂದು ಭಾನುವಾರ ಚಿಕ್ಕಪ್ಪನ ಮಗ ಬಂದಿದ್ದ. ಆಡು ಅಂತ ಕೊಟ್ಟು ಹಿಂದೆ ಸುಮ್ನೆ ನಿಂತೆ. ಊರಿನ ಕಥೆ ಓದಿದ, ಅಗೆಯೋರನ್ನು ನೇಮಿಸಿದ, ಕಲ್ಲು ಕೂಡಿಸಿದ. ಅರ್ಧ ಗಂಟೆ ಆದ ಮೇಲೆ ತಿರುಗಿ ನೋಡಿ, "ಅಣ್ಣಾ, ನೀರು ಯಾವಾಗ ಬರ್ತೈತಿ?" ಅಂದ.

ನೀರು ಬರೋದು 35ನೇ ನಿಮಿಷಕ್ಕೆ. ಗೇಮ್‌ನ ಮಜಾ ಇರೋದೇ ನೀರು ಹರಿಯೋದರಲ್ಲಿ, ಅದನ್ನೇ ನಾನು ಕೊನೆಗೆ ಇಟ್ಟಿದ್ದೆ. ಸ್ಟೀಮ್‌ನಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿದವರು ಕೊಂಡ 14 ದಿನದೊಳಗೆ ಹಣ ವಾಪಸ್ ಕೇಳಬಹುದು. ಹಾಗೆ ಕೇಳಿದವರಲ್ಲಿ ಎಷ್ಟೋ ಜನ ನೀರೇ ನೋಡದೆ ಹೋಗಿರಬೇಕು. ನನಗೆ ಇದು ಕಾಣಲೇ ಇಲ್ಲ, ಯಾಕಂದ್ರೆ ಕೆಲಸ ಮಾಡುವಾಗ ಪ್ರತಿ ಸಲ ನೇರವಾಗಿ ನಾಲ್ಕನೇ ಹಂತ ತೆರೆದು ಆಡುತ್ತಿದ್ದೆ. ಮುಗಿಯೋವರೆಗೂ ಯಾರಿಗೂ ತೋರಿಸಲಿಲ್ಲ. ಅರ್ಧ ಆದದ್ದನ್ನು ತೋರಿಸೋಕೆ ನಾಚಿಕೆ ಆಗುತ್ತಿತ್ತು.

ಸ್ಟೋರ್ ಪುಟದಲ್ಲೂ ಅದೇ ತಪ್ಪು. ಮುಖ್ಯ ಚಿತ್ರಕ್ಕೆ ಗೋಳಗುಮ್ಮಟ ಹಾಕಿದ್ದೆ. ನೋಡಿದವರಿಗೆ ಪ್ರವಾಸದ ಜಾಹೀರಾತು ಅನಿಸುತ್ತಿತ್ತು. ಟ್ರೈಲರ್‌ನ ಮೊದಲ 20 ಸೆಕೆಂಡ್ ಬರೀ ಊರಿನ ನೋಟ. ಪುಟ ತೆರೆದದ್ದು ಬಿಡುಗಡೆಗೆ ಸರಿಯಾಗಿ ಎರಡು ವಾರ ಮೊದಲು, ಅಂದರೆ ನಿಯಮ ಕೇಳುವಷ್ಟೇ. ಬಿಡುಗಡೆ ಹೊತ್ತಿಗೆ, ಆಮೇಲೆ ಕೊಳ್ಳೋಣ ಅಂತ ವಿಶ್‌ಲಿಸ್ಟ್‌ಗೆ ಹಾಕಿಕೊಂಡವರು 92 ಜನ. ಬಿಡುಗಡೆ ದಿನ ಸುದ್ದಿ ಮುಟ್ಟಿದ್ದು ಅಷ್ಟು ಜನಕ್ಕೆ. ಅದಕ್ಕೂ ಮೊದಲು, ಬರಲಿರುವ ಗೇಮ್‌ಗಳಿಗೆ ಸ್ಟೀಮ್ ನಡೆಸೋ ಹಬ್ಬ ನೆಕ್ಸ್ಟ್ ಫೆಸ್ಟ್‌ಗೆ ಡೆಮೊ ಕಳಿಸಬಹುದಿತ್ತು. ಬಿಡುಗಡೆಯಾದ ಗೇಮ್‌ಗೆ ಅಲ್ಲಿ ಜಾಗ ಇಲ್ಲ, ಆ ದಾರಿ ಮುಚ್ಚಿತು.

ರಿವ್ಯೂ ಆರು ಬಂದಿವೆ. ಹತ್ತಾಗೋವರೆಗೆ ಪುಟದಲ್ಲಿ ರೇಟಿಂಗ್ ಕಾಣೋದಿಲ್ಲ. ಬರೆದ ಆರು ಜನಕ್ಕೂ ನಾನು ಋಣಿ. ಅವರಲ್ಲಿ ನಾಲ್ವರು ಗಂಜ್ ಕಟ್ಟೋದು ಇಷ್ಟವಾಯ್ತು ಅಂತಲೇ ಬರೆದಿದ್ದಾರೆ.

ಬೆಲೆ ಜಾಸ್ತಿ ಆಯ್ತು ಅಂತ ಗೆಳೆಯರು ಹೇಳುತ್ತಾರೆ. ನನಗೆ ಹಾಗೆ ಅನಿಸೋದಿಲ್ಲ. ಪುಟ ನೋಡಿದವರೇ ಕಡಿಮೆ, ಬೆಲೆ ನೋಡಿ ಹಿಂದೆ ಸರಿಯೋದು ಆಮೇಲಿನ ಮಾತು.

ಈಗ ಮೊದಲ ಹಂತ ಹೊಸದಾಗಿ ಮಾಡಿದ್ದೇನೆ. ಸಣ್ಣ ಕಾಲುವೆ, ಒಂದೇ ಗಂಜ್, ಒಂದು ಒಣ ಬಾವಡಿ. 40 ಸೆಕೆಂಡಿಗೆ ನೀರು ಬರುತ್ತದೆ. ಹೋದ ಭಾನುವಾರ ತಮ್ಮನನ್ನು ಮತ್ತೆ ಕೂರಿಸಿದ್ದೆ. ಬಾವಡಿ ತುಂಬಿದ ಮೇಲೆ ಏನೂ ಹೇಳಲಿಲ್ಲ, ಮುಂದಿನ ಹಂತ ಒತ್ತಿದ.