ವಿಷಯ: ಮೇಲಧಿಕಾರಿಯಿಂದ ಕಂಪನಿಯ ಹಣದ ದುರುಪಯೋಗ

ನೈತಿಕ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಮ್ಮ ವಿಭಾಗದ ವ್ಯವಸ್ಥಾಪಕರು ಕಳೆದ ಮೂರು ತಿಂಗಳಲ್ಲಿ ‘ಗ್ರಾಹಕರೊಂದಿಗೆ ಸಭೆ’ ಎಂದು ಸಲ್ಲಿಸಿದ 11 ಹೋಟೆಲ್ ಬಿಲ್ಲುಗಳಲ್ಲಿ 7 ಭಾನುವಾರದವು. ಎರಡು ಬಿಲ್ಲುಗಳ ಕ್ರಮಸಂಖ್ಯೆ ಒಂದೇ. ಒಂದರಲ್ಲಿ 3 ಅನ್ನು 8 ಎಂದು ತಿದ್ದಲಾಗಿದೆ. ಶಾಯಿಯ ಬಣ್ಣ ಬೇರೆಯಾಗಿರುವುದರಿಂದ ಬರಿಗಣ್ಣಿಗೇ ಕಾಣುತ್ತದೆ. ಕೇಳಿದರೆ, “ನೀವು ಸಹಿ ಹಾಕಿ, ಉಳಿದದ್ದು ನನಗೆ ಬಿಡಿ” ಎಂದರು. ನಾನು ಹಾಕಲಿಲ್ಲ. ಆದರೆ ಮೊದಲಿನ ನಾಲ್ಕಕ್ಕೆ ಸರಿಯಾಗಿ ನೋಡದೆ ಹಾಕಿದ್ದೆ, ಅದು ನನ್ನ ತಪ್ಪೇ.

ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂಲ ಬಿಲ್ಲುಗಳು ಅವರ ಕಪಾಟಿನಲ್ಲೇ ಇವೆ; ಸುಳಿವು ಸಿಗುವ ಮೊದಲು ದಯವಿಟ್ಟು ವಶಕ್ಕೆ ಪಡೆಯಿರಿ. ನನ್ನ ಹೆಸರು ಗೋಪ್ಯವಾಗಿರಲಿ. ನನ್ನ ವಾರ್ಷಿಕ ಮೌಲ್ಯಮಾಪನ ಬರೆಯುವವರು ಅವರೇ.

ಇಂತಿ ತಮ್ಮ ವಿಶ್ವಾಸಿ,
ಲೆಕ್ಕಪತ್ರ ಸಹಾಯಕಿ